ಕುಬಸದ ವಿಡಿಯೋಗೆ ಸಿನಿಮಾ ಹಾಡು ಬೇಡ್ರಿ

ನಮ್ಮ ಬಾಗಲಕೋಟೆ ಕಡೆ ಯಾರ ಮನೆಯ ಕುಬಸದ, ಅಂದರೆ ಸೀಮಂತದ ವಿಡಿಯೋ ನೋಡಿದರೂ ಒಂದೇ ಥರ. ಹಸಿರು ಇಳಕಲ್ ಸೀರೆ, ಬಳೆ, ಆರತಿ, ಜೊತೆಗೆ ಜೋರಾಗಿ ಒಂದು ಸಿನಿಮಾ ಹಾಡು. ಅಲ್ಲೇ ಕೂತು ಸೋಬಾನೆ ಹಾಡಿದ ಹೆಂಗಸರ ದನಿ ಮಾತ್ರ ಎಲ್ಲೂ ಕೇಳುವುದಿಲ್ಲ. ಇಂಥದ್ದೊಂದು ವಿಡಿಯೋ ನೋಡಿ ನಮ್ಮ ದೊಡ್ಡವ್ವ ಕೇಳಿದಳು: “ಬಾಯಿ ನಮ್ದ ಆಡಾಕತ್ತೈತಿ, ಹಾಡು ಬ್ಯಾರೆದವರದ ಬರಾಕತ್ತೈತಲ್ಲೋ ತಮ್ಮಾ?”

ಉತ್ತರ ಕೊಡುವುದು ಕಷ್ಟ. ಸಿನಿಮಾ ಹಾಡು ಹಾಕಿದ ವಿಡಿಯೋವನ್ನು ಫೇಸ್‌ಬುಕ್ ಎಷ್ಟೋ ಸಲ ಮ್ಯೂಟ್ ಮಾಡುತ್ತದೆ, ಅದು ಬೇರೆ ಮಾತು.

ವಿಡಿಯೋ ಎಡಿಟ್ ಮಾಡಲು ಆ್ಯಪ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನಾನು ಬಳಸುವುದು ವಿಎನ್. ಪುಕ್ಕಟೆ, ವಿಡಿಯೋ ಮೇಲೆ ವಾಟರ್‌ಮಾರ್ಕ್ ಬೀಳುವುದಿಲ್ಲ. ಇನ್‌ಶಾಟ್ ಕೂಡ ನಡೆಯುತ್ತದೆ. ಕೈನ್‌ಮಾಸ್ಟರ್ ಒಳ್ಳೆಯದೇ, ಆದರೆ ದುಡ್ಡು ಕೊಡದಿದ್ದರೆ ಅದರ ಹೆಸರು ಮೂಲೆಯಲ್ಲಿ ಕೂತೇ ಇರುತ್ತದೆ. ಯಾರೋ ಕಳಿಸಿದ ‘ಮಾಡ್’ ಎಪಿಕೆ, ಅಂದರೆ ತಿದ್ದಿದ ಆ್ಯಪ್, ಹಾಕಿಕೊಳ್ಳಬೇಡಿ. ಬ್ಯಾಂಕಿನ ಆ್ಯಪ್ ಇರುವ ಫೋನ್ ಅದು, ಅಲ್ವಾ?

ಅಸಲಿ ಕೆಲಸ ಇರುವುದು ಹಾಡನ್ನು ಹಿಡಿಯುವುದರಲ್ಲಿ. ಹಾಡು ಶುರುವಾದಾಗ ಒಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಾಡುವವರ ಹತ್ತಿರವೇ ಇಟ್ಟು, ಮೊದಲಿನಿಂದ ಕೊನೆಯವರೆಗೂ ನಿಲ್ಲಿಸದೆ ವಿಡಿಯೋ ರೆಕಾರ್ಡ್ ಮಾಡಿ. ಫೋನಿನ ಮುಖ್ಯ ಮೈಕ್ ಸಾಮಾನ್ಯವಾಗಿ ಕೆಳ ಅಂಚಿನಲ್ಲಿರುತ್ತದೆ. ಅಡ್ಡ ಹಿಡಿದರೆ ಅಂಗೈ ಅದನ್ನು ಮುಚ್ಚಿ ದನಿ ಮಂಕಾಗುತ್ತದೆ. ಸಾಧ್ಯವಾದರೆ ಫ್ಯಾನ್ ಆರಿಸಿ. ಅದರ ಗುಂಯ್ ಸದ್ದು ಆಮೇಲೆ ಪೂರ್ತಿ ತೆಗೆಯಲು ಬರುವುದಿಲ್ಲ. ಉಳಿದವರು ತಮ್ಮ ಫೋನಿನಲ್ಲಿ ಬಳೆ ಇಡುವುದು, ಉಡಿ ತುಂಬುವುದು, ಮುಖಗಳು, ಏನು ಬೇಕಾದರೂ ಹಿಡಿಯಲಿ.

ಅವರ ಕ್ಲಿಪ್‌ಗಳನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಅಲ್ಲೇ ಕ್ವಿಕ್ ಶೇರ್ ಮಾಡಿಸಿಕೊಳ್ಳಿ. ಸುಮ್ನೆ ವಿಡಿಯೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಗುರುತು ಸುಲಭ: ಫೈಲಿನ ಹೆಸರಿನಲ್ಲಿ `WA0007` ಥರ ಇದ್ದರೆ ಅದು ಸಾಮಾನ್ಯವಾಗಿ ಹಿಂಡಿದ ಪ್ರತಿ.

ತಂಗಿಯ ಕುಬಸದ ಹಾಡು ಸುಮಾರು ನಾಲ್ಕು ನಿಮಿಷ ಇತ್ತು. ಆ ಕ್ಲಿಪ್ಪನ್ನು ವಿಎನ್‌ನ ಮುಖ್ಯ ಸಾಲಿನಲ್ಲಿ ಹಾಕಿದೆ. ಉಳಿದದ್ದೆಲ್ಲ ಅದರ ಮೇಲೆ PIP ಆಗಿ, ಅಂದರೆ ಮೇಲಿನ ಪದರವಾಗಿ ಬರುತ್ತದೆ. ಪ್ರತಿ ಕ್ಲಿಪ್ಪನ್ನು ಪೂರ್ತಿ ಪರದೆಗೆ ಹಿಗ್ಗಿಸಿ, ನಾಲ್ಕೈದು ಸೆಕೆಂಡ್‌ಗೆ ಕತ್ತರಿಸಿ, ದನಿ ಸೊನ್ನೆ ಮಾಡಿ. ಬಳೆ ಇಡುವ ಕ್ಲಿಪ್ಪಿಗೆ ಮಾತ್ರ ನಾನು 15ರಷ್ಟು ದನಿ ಬಿಟ್ಟೆ. ಹಾಡಿನ ಕೆಳಗೆ ಆ ಕಿಣಿಕಿಣಿ ಸಣ್ಣಗೆ ಕೇಳಲಿ ಅಂತ.

ಹಾಡುವವರ ಮುಖವನ್ನು ಬೇರೆ ಫೋನಿನ ಕ್ಲಿಪ್‌ನಿಂದ ತೋರಿಸಲು ಹೋಗಬೇಡಿ. ತುಟಿಗೂ ದನಿಗೂ ಚೂರು ಹೊಂದದಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಮುಖ ಬೇಕಾದಾಗ PIP ಹಾಕದೆ ಬಿಟ್ಟರೆ ಸಾಕು, ಕೆಳಗಿನ ಮೂಲ ಕ್ಲಿಪ್ಪೇ ಕಾಣುತ್ತದೆ. ಮೇಲೆ ಕೈ, ಬಳೆ, ತಟ್ಟೆ ಇದ್ದಾಗ ಹೊಂದಿಕೆಯ ಚಿಂತೆಯೇ ಇಲ್ಲ.

ಹಾಡು ಉದ್ದವಾದರೆ ಕತ್ತರಿಸಬಹುದು. ನಮ್ಮ ದೊಡ್ಡವ್ವ ಮೂರನೇ ನುಡಿ ಮರೆತು, ನಕ್ಕು, ಹಿಂದಿನ ನುಡಿಯನ್ನೇ ಮತ್ತೆ ಹಾಡಿದ್ದಳು. ನಗುವನ್ನು ಇಟ್ಟುಕೊಂಡು ಎರಡನೇ ಸಲ ಹಾಡಿದ್ದನ್ನು ತೆಗೆದೆ. ಕತ್ತರಿ ಬೀಳಬೇಕಾದ್ದು ನುಡಿ ಮುಗಿದು ಉಸಿರು ಎಳೆದುಕೊಳ್ಳುವ ಜಾಗದಲ್ಲಿ. ನಡುವೆ ಕತ್ತರಿಸಿದರೆ ‘ಟಕ್’ ಅಂತ ಕೇಳುತ್ತದೆ. ಎಲ್ಲಿ ಕತ್ತರಿಸಿದರೂ ಚಿತ್ರ ಮಾತ್ರ ಜಿಗಿಯುತ್ತದೆ. ಆ ಜಿಗಿತದ ಮೇಲೆ ಉಡಿ ತುಂಬುವ ಕ್ಲಿಪ್ ಇಟ್ಟೆ. ಕತ್ತರಿಸಿದ್ದು ಯಾರಿಗೂ ಗೊತ್ತಾಗಲಿಲ್ಲ.

ಸಾಧಾರಣ ಫೋನಿನಲ್ಲಿ ಎಡಿಟ್ ಮಾಡುವಾಗ ಪ್ರಿವ್ಯೂ ತಡವರಿಸುತ್ತದೆ. ಗಾಬರಿ ಬೇಡ, ಸೇವ್ ಆದ ವಿಡಿಯೋ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಒಂದು ಸಲಕ್ಕೆ ಒಂದೇ PIP ಇಟ್ಟುಕೊಳ್ಳಿ. ಸೇವ್ ಮಾಡುವಾಗ 4ಕೆ ಬೇಡ. 1080ಪಿ, 30 ಫ್ರೇಮ್, 10 ಎಂಬಿಪಿಎಸ್ ಸಾಕು. ಮೂರು ನಿಮಿಷಕ್ಕೆ ಹತ್ತಿರಹತ್ತಿರ 225 ಎಂಬಿ ಆಗುತ್ತದೆ. ಇದನ್ನೂ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಕೊನೆಯಲ್ಲಿ ಆ್ಯಪ್ ತನ್ನದೇ ಹೆಸರಿನ ತುಣುಕು ಸೇರಿಸಿದ್ದರೆ ಸೇವ್ ಮಾಡುವ ಮೊದಲೇ ಅಳಿಸಿ.

ಜಾಗ ಇಲ್ಲ ಅಂತ ಗ್ಯಾಲರಿ ಖಾಲಿ ಮಾಡುವಾಗಲೂ ಪೂರ್ತಿ ಹಾಡಿರುವ ಆ ಮೂಲ ಕ್ಲಿಪ್ಪನ್ನು ಮುಟ್ಟಬೇಡಿ. ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿಡಿ. ನಮ್ಮ ಮನೆಯಲ್ಲಂತೂ ಆ ನುಡಿಗಳನ್ನು ಪೂರ್ತಿ ಬಲ್ಲವರು ಈಗ ಇಬ್ಬರೇ.