ಕಷಾಯ ಎಲ್ಲಿವರೆಗೆ?

"ಮಗಳಿಗೆ ಮುಟ್ಟಿನ ಹೊಟ್ಟೆನೋವು ಜಾಸ್ತಿ. ಓಂಕಾಳು, ಸಬ್ಬಸಿಗೆ ಬೀಜದ ಕಷಾಯ ಸಾಕಾ, ಡಾಕ್ಟರ್ ಹತ್ರ ಹೋಗ್ಬೇಕಾ?"

ನಮ್ಮ ಗುಬ್ಬಿ ಕಡೆ ಇವೆರಡರ ಜೊತೆ ಶುಂಠಿಯನ್ನೂ ಹಾಕಿ ಕುದಿಸುತ್ತೇವೆ. ಓಂಕಾಳಿನಿಂದ ಗ್ಯಾಸ್, ಹೊಟ್ಟೆಯುಬ್ಬರ ಇಳಿಯುತ್ತದೆ. ಆದರೆ ನೋವಿಗೆ ಹೆಚ್ಚು ಪರೀಕ್ಷೆಯಾಗಿರುವುದು ಶುಂಠಿಯೇ. ಮುಟ್ಟಿನಲ್ಲಿ ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಅದು ತಗ್ಗಿಸುತ್ತದೆ. ಒಣಶುಂಠಿ ಪುಡಿ ಕಾಲು ಚಮಚ, ಬಿಸಿನೀರಲ್ಲಿ ದಿನಕ್ಕೆ ಎರಡು ಮೂರು ಸಲ, ಮೊದಲ ಮೂರು ದಿನ. ನೋವು ಏರಿದ ಮೇಲಲ್ಲ, ಶುರುವಾಗುವಾಗಲೇ ಕುಡಿಯಬೇಕು. ಎದೆಯುರಿ ಬಂದರೆ ಬಿಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ನನ್ನ ಅಕ್ಕನ ಮಗಳಿಗೆ ಮೂರು ವರ್ಷ ಇದೇ ಕಷಾಯ ನಡೆಯಿತು. ಮೊದಲು ಒಂದು ದಿನದ ನೋವು. ಆಮೇಲೆ ಮುಟ್ಟಿಗೆ ನಾಲ್ಕು ದಿನ ಮುಂಚೆಯೇ ಶುರು, ಕಕ್ಕಸಿಗೆ ಕೂತರೂ ಚುಚ್ಚುವ ನೋವು. "ಮದುವೆಯಾದ್ರೆ ಹೋಗುತ್ತೆ" ಅಂತ ಎಲ್ಲರೂ ಸುಮ್ನಿರಿಸಿದರು. ನಾನೂ ಅವರಲ್ಲೊಬ್ಬಳು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ತುಮಕೂರಿನ ಹೆರಿಗೆ ಡಾಕ್ಟರ್ ಮಾತ್ರ ಪೂರ್ತಿ ಕೇಳಿ, ಇದು ಗರ್ಭಕೋಶದ ಒಳಪದರದಂಥ ಪದರ ಹೊರಗೂ ಬೆಳೆಯುವ ಎಂಡೋಮೆಟ್ರಿಯೋಸಿಸ್ ಇರಬಹುದು, ಸ್ಕ್ಯಾನ್ ಸರಿಯಿದ್ದರೂ ಇದು ಇರುತ್ತದೆ ಅಂದರು. ಹಾರ್ಮೋನ್ ಮಾತ್ರೆ ಕೊಟ್ಟ ಮೇಲೆ ಕಾಲೇಜು ತಪ್ಪುವುದು ನಿಂತಿತು.

ಅದಕ್ಕೇ ಮಗಳ ನೋವಿನ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಶಾಲೆ ತಪ್ಪುತ್ತಿದ್ದರೆ ತೋರಿಸಿ. ಗಂಟೆಗೊಂದು ಪ್ಯಾಡ್ ನೆನೆದರೆ, ಜ್ವರ ಬಂದರೆ, ಮುಟ್ಟು ತಪ್ಪಿದ ಮೇಲೆ ಒಂದೇ ಪಕ್ಕಕ್ಕೆ ಜೋರು ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಕಷಾಯ ಇಡಬೇಡಿ.