ಸೂಟಿಗೆ ಲಿಮಿಟ್ ಇಲ್ಲ ಅಂದ್ರ ಎಷ್ಟು ತಗೋಬೇಕ್ರಿ?

ಈಗ ಹುಬ್ಬಳ್ಳಿಯ ಸ್ಟಾರ್ಟಪ್‌ಗಳ ಆಫರ್ ಲೆಟರ್‌ನಲ್ಲೂ ‘ಅನ್‌ಲಿಮಿಟೆಡ್ ಲೀವ್’ ಕಾಣಿಸ್ತಿದೆ. ಹೊಸದಾಗಿ ಸೇರೋ ಹುಡುಗರು ಅದನ್ನ ಓದಿ ಖುಷಿ ಆಗ್ತಾರೆ. ಆರು ತಿಂಗಳು ಬಿಟ್ಟು ಕೇಳಿದ್ರೆ ಅವರೇ “ಸೂಟಿ ಕೇಳಾಕ ಮುಜುಗರ ಆಗ್ತದ್ರಿ” ಅಂತಾರೆ. ಮದುವಿ ಪಂಕ್ತಿಯಲ್ಲಿ “ನಾಚ್ಕೋಬ್ಯಾಡ್ರಿ, ಬೇಕಾದಷ್ಟು ಉಣ್ರಿ” ಅಂತ ಹೇಳಿ ಯಜಮಾನ್ರು ಎದುರಿಗೇ ನಿಂತು ನೋಡ್ತಾ ಇದ್ರೆ ಮೂರನೇ ಹೋಳಿಗೆ ಯಾರು ಕೇಳ್ತಾರೆ?

ವರ್ಷಕ್ಕೆ ಇಷ್ಟು ದಿನ ಅಂತ ಇದ್ದಾಗ ಅಷ್ಟೂ ದಿನ ನಿಮ್ಮವು. ಕೇಳೋದಕ್ಕೆ ಸಂಕೋಚ ಇರಲ್ಲ. ಲಿಮಿಟ್ ತೆಗೆದ ಕೂಡಲೇ ಆ ಸಂಖ್ಯೆ ಕಾಗದದಿಂದ ಎದ್ದು ಜನರ ತಲೆಯೊಳಗೆ ಹೋಗಿ ಕೂರ್ತದೆ, ಒಬ್ಬೊಬ್ಬರ ತಲೆಯಲ್ಲಿ ಒಂದೊಂದು. ಫೌಂಡರ್ ಲೆಕ್ಕದಲ್ಲಿ ಹತ್ತು, ಟೀಮ್ ಲೀಡ್ ಲೆಕ್ಕದಲ್ಲಿ “ರಿಲೀಸ್ ಇಲ್ಲದಾಗ ಎಷ್ಟಾದ್ರೂ”, ನಿಮ್ಮ ಲೆಕ್ಕದಲ್ಲಿ ಏನೂ ಇಲ್ಲ. ಫೌಂಡರ್ ತಾನೇ ಭಾನುವಾರ ರಾತ್ರಿ ಸ್ಲ್ಯಾಕ್‌ನಲ್ಲಿ ಹಸಿರು ಚುಕ್ಕೆ ಉರಿಸ್ಕೊಂಡು ಕೂತಿದ್ರೆ, ಬರೆದಿಟ್ಟ ಪಾಲಿಸಿಗಿಂತ ಆ ಚುಕ್ಕೆಗೇ ಜಾಸ್ತಿ ಬೆಲೆ.

ಆದ್ರೆ ಮೇಲಿನ ಮಿತಿ ಇಲ್ಲದಿದ್ರೂ ಕೆಳಗಿನ ಮಿತಿ ಇದೆ, ಅದನ್ನ ಕಂಪನಿ ತೆಗೆಯೋ ಹಂಗಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರದ್ದು. ಸಾಫ್ಟ್‌ವೇರ್ ಆಫೀಸುಗಳೂ ಅದರೊಳಗೇ ಬರ್ತವೆ, ದುರ್ಗದಬೈಲಿನ ಬಟ್ಟೆ ಅಂಗಡಿಯೂ ಬರ್ತದೆ. ಅದರ ಪ್ರಕಾರ ಇಪ್ಪತ್ತು ದಿನ ಕೆಲಸ ಮಾಡಿದ್ರೆ ಒಂದು ದಿನ ಸಂಬಳದ ಗಳಿಕೆ ರಜೆ. ಅದಲ್ಲದೆ ಕಾಯಿಲೆ, ಅಪಘಾತ ಅಥವಾ ಬೇರೆ ಯೋಗ್ಯ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ. ವಾರಕ್ಕೆ ಐದು ದಿನದ ಆಫೀಸು ಅಂದ್ರೆ ವರ್ಷದಲ್ಲಿ ಕೆಲಸದ ದಿನ ಸುಮಾರು 230, ಅದಕ್ಕೆ ಗಳಿಕೆ ರಜೆ ಕಡಿಮೆ ಅಂದ್ರೂ 11. ಎರಡೂ ಕೂಡಿಸಿದ್ರೆ 23. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರೋರಿಗೆ ಈ ಕಾಯ್ದೆ ಅನ್ವಯಿಸಲ್ಲ, ಅದು ಬೇರೆ ಮಾತು. ಉಳಿದವರು ವರ್ಷದ ಕೊನೆಗೆ ಎಣಿಸಿ ನೋಡ್ರಿ. ಹತ್ತೋ ಹನ್ನೆರಡೋ ದಿನ ತಗೊಂಡು “ಜಾಸ್ತಿ ಆಯ್ತೇನೋ” ಅಂತ ಚಿಂತೆ ಮಾಡ್ತಿದ್ರೆ, ನಿಮ್ಮ ‘ಅನ್‌ಲಿಮಿಟೆಡ್’ ಅಂಗಡಿ ಹುಡುಗನ ಹಕ್ಕಿಗಿಂತ ಕಡಿಮೆ ಆಯ್ತು.

ಹಬ್ಬದ ರಜೆ ಇದರ ಹೊರಗೆ. ಕರ್ನಾಟಕದ್ದೇ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಮತ್ತೆ ಇನ್ನೈದು ಹಬ್ಬ. ಆ ಐದನ್ನ ಆರಿಸೋರು ಎಲ್ಲಿ ಕೂತಿದ್ದಾರೆ ಅನ್ನೋದು ನಮ್ಮ ಕಡೆಯವರ ತಕರಾರು. ಬೆಂಗಳೂರಿನ ಪಟ್ಟಿಯನ್ನ ಹಂಗೇ ಇಳಿಸಿಕೊಂಡ್ರೆ ಪಂಚಮಿ ಅದರಲ್ಲಿ ಇರೋದಿಲ್ಲ. ಗದಗ, ಹಾವೇರಿ ಕಡೆ ಪಂಚಮಿ ಅಂದ್ರೆ ಹೆಣ್ಮಕ್ಕಳು ತವರಿಗೆ ಬರೋ ಹಬ್ಬ, ಅದು ಒಂದು ದಿನದಲ್ಲಿ ಮುಗಿಯಲ್ಲ.

ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ಮಾಡೋ ಹುಡುಗಿ ಒಬ್ಬಳು, ಗದಗಿನ ಕಡೆಯವಳು. 2024ರ ಪಂಚಮಿಗೆ ಅವಳು ಕೇಳಿದ್ದು ಹಿಂಗೆ: “ಸರ್, ಹಬ್ಬಕ್ಕೆ ಊರಿಗೆ ಹೋಗ್ಬೇಕಿತ್ತು, ಸ್ವಲ್ಪ ದಿನ ಸೂಟಿ ಸಿಗಬಹುದಾ?” ಉತ್ತರ ಬಂತು: “ನಮ್ಮಲ್ಲಿ ಲಿಮಿಟ್ ಇಲ್ಲಲ್ಲಮ್ಮ, ನೋಡ್ಕೊಂಡು ತಗೋ.” ಫೌಂಡರ್ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದ್ರೆ ‘ನೋಡ್ಕೊಂಡು’ ಅಂದ್ರೆ ಏನನ್ನ ನೋಡ್ಕೊಂಡು? ಅವಳು ಎರಡೇ ದಿನ ತಗೊಂಡಳು, ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋದಳು. ಮನೆಯಲ್ಲಿ ಶೇಂಗಾ ಉಂಡಿ ಕಟ್ಟೋ ಹೊತ್ತಿಗೆ ಇವಳು ಸಿಗ್ನಲ್ ಹುಡುಕ್ಕೊಂಡು ಮಾಳಿಗೆ ಮೇಲೆ, ಬೆಲ್ಲದ ಪಾಕ ಅಂಟಿದ ಬೆರಳಲ್ಲಿ ಬಗ್ ರಿಪೋರ್ಟ್ ಟೈಪ್ ಮಾಡ್ತಿದ್ದಳಂತೆ. ಆ ಎರಡು ದಿನ ಸೂಟಿಯೂ ಅಲ್ಲ, ಕೆಲಸವೂ ಅಲ್ಲ. ಆದ್ರೆ ಎಲ್ಲರ ನೆನಪಲ್ಲಿ ಉಳಿದಿದ್ದು “ಸೂಟಿ ತಗೊಂಡಿದ್ಲು” ಅಂತ.

ಮರುವರ್ಷ ಪಂಚಮಿ ಜುಲೈ 29ರ ಮಂಗಳವಾರ ಬಂತು. ಹಿಂದಿನ ದಿನ ರೊಟ್ಟಿ ಹಬ್ಬ, ಶುಕ್ರವಾರ ಅಕ್ಕನ ಕುಬಸ. ಜುಲೈ ಒಂದನೇ ತಾರೀಖಿಗೇ ಅವಳು ಹಾಕಿದ ಮೆಸೇಜ್ ಇದು, ಕೇಳಿಯೇ ಇಲ್ಲಿ ಹಾಕ್ತಿದ್ದೀನಿ:

“ಜುಲೈ 28ರಿಂದ ಆಗಸ್ಟ್ 1ರವರೆಗೆ ಐದು ದಿನ ಸೂಟಿ ತಗೋಬೇಕು ಅಂತಿದ್ದೀನಿ. ರಿಲೀಸ್ 24ಕ್ಕೆ ಇದೆ, ನನ್ನ ರಿಗ್ರೆಶನ್ ಟೆಸ್ಟಿಂಗ್ 23ಕ್ಕೆ ಮುಗೀತದೆ. 25ರ ಶುಕ್ರವಾರ ಹಾಟ್‌ಫಿಕ್ಸ್‌ಗೆ ಇರ್ತೀನಿ. ಆ ವಾರ ನನ್ನ ಕೆಲಸ ಯಾರು ನೋಡ್ಕೋಬೇಕು ಅಂತ ಟೀಮಲ್ಲಿ ಮಾತಾಡಿ ಒಪ್ಪಿಸಿದ್ದೀನಿ, ನೋಟ್ಸ್ ಬರೆದಿಟ್ಟು ಹೋಗ್ತೀನಿ. ಲ್ಯಾಪ್‌ಟಾಪ್ ಒಯ್ಯಲ್ಲ. ಪ್ರೊಡಕ್ಷನ್ ನಿಂತ್ರೆ ಮಾತ್ರ ಫೋನ್ ಮಾಡಿ. ಈ ತಾರೀಖುಗಳಿಗೆ ತೊಂದರೆ ಇದ್ರೆ ಈ ಶುಕ್ರವಾರದೊಳಗೆ ಹೇಳಿ.”

ಹತ್ತು ನಿಮಿಷದಲ್ಲಿ “ಓಕೆ” ಬಂತು. ಮೊದಲನೇ ಮೆಸೇಜಿನಲ್ಲಿ ಫೌಂಡರ್‌ಗೆ ಕೇಳಿದ್ದು ‘ಎಷ್ಟು ಸರಿ’ ಅಂತ. ಅದಕ್ಕೆ ಅವರ ಹತ್ರಾನೂ ಉತ್ತರ ಇರಲಿಲ್ಲ. ಎರಡನೇದರಲ್ಲಿ ಕೇಳಿದ್ದು ‘ಈ ಐದು ದಿನ ಆಗ್ತದೋ ಇಲ್ವೋ’ ಅಂತ. ಮ್ಯಾನೇಜರ್ ಆದೋನು ನಿಜವಾಗಿ ಹೇಳಬಲ್ಲ ಉತ್ತರ ಅದೊಂದೇ. ರಿಲೀಸ್ ಮುಂದಕ್ಕೆ ಹೋಗೋ ಹಂಗಿದ್ರೆ ಜುಲೈ ಮೊದಲ ವಾರದಲ್ಲೇ ಗೊತ್ತಾಗ್ತಿತ್ತು, ಬಸ್ ಹತ್ತೋ ಹೊತ್ತಿಗೆ ಅಲ್ಲ. ಒಂದು ಮಾತು: ಉತ್ತರ ಬರದೇ ಇದ್ರೆ ಅದನ್ನ ಒಪ್ಪಿಗೆ ಅಂದ್ಕೋಬೇಡ್ರಿ. ಇನ್ನೊಮ್ಮೆ ಕೇಳಿ, ಬರಹದಲ್ಲಿ ‘ಓಕೆ’ ತಗೊಂಡು, ಟೀಮ್ ಕ್ಯಾಲೆಂಡರ್‌ನಲ್ಲಿ ಹಾಕಿ.

ಸೇರೋ ಮೊದಲೇ ಕೇಳೋದಾದ್ರೆ “ಎಷ್ಟು ತಗೋಬಹುದು” ಅಂತ ಕೇಳಬೇಡ್ರಿ. ಎಚ್‌ಆರ್ ನಗ್ತಾ “ಅನ್‌ಲಿಮಿಟೆಡ್” ಅಂತಾರೆ. “ಹೋದ ವರ್ಷ ಈ ಟೀಮಿನವರು ಎಷ್ಟೆಷ್ಟು ದಿನ ತಗೊಂಡ್ರು?” ಅಂತ ಕೇಳ್ರಿ. ಲೆಕ್ಕ ಇಟ್ಟಿಲ್ಲ ಅಂದ್ರೆ ಅದೂ ಒಂದು ಉತ್ತರವೇ.

ಲೆಕ್ಕ ಇಲ್ಲದಿರೋದು ಕಂಪನಿಗೆ ಒಂದು ರೀತಿ ಅನುಕೂಲವೂ ಹೌದು. ಸಂಖ್ಯೆ ಇರೋ ಕಡೆ ಉಳಿದ ಗಳಿಕೆ ರಜೆ ಕಂಪನಿ ಪುಸ್ತಕದಲ್ಲಿ ಸಾಲದ ಹಂಗೆ ಕೂತಿರ್ತದೆ, ಕೆಲಸ ಬಿಡುವಾಗ ಹಣ ಆಗಿ ಕೈಗೆ ಬರ್ತದೆ. ಅನ್‌ಲಿಮಿಟೆಡ್‌ನಲ್ಲಿ ಬ್ಯಾಲೆನ್ಸ್ ಅನ್ನೋದೇ ಇಲ್ಲವಲ್ಲ, ಅದಕ್ಕೇ ಬಿಡೋ ದಿನ “ಲೀವ್ ಎನ್‌ಕ್ಯಾಶ್‌ಮೆಂಟ್ ಸೊನ್ನೆ” ಅಂತ ಬರೆದು ಕೊಡ್ತಾರೆ. ಫೌಂಡರ್‌ಗಳೆಲ್ಲ ಇದನ್ನ ಲೆಕ್ಕ ಹಾಕಿಯೇ ತಂದ್ರು ಅಂತ ನಾನು ಹೇಳಲ್ಲ, ಬಹಳ ಜನ ನೆಟ್‌ಫ್ಲಿಕ್ಸ್ ಮಾಡಿದ್ದನ್ನ ಕೇಳಿ ತಂದಿದ್ದಾರೆ. ಅದೇ ಅಮೆರಿಕದ ಕಿಕ್‌ಸ್ಟಾರ್ಟರ್ ಕಂಪನಿ ಇದನ್ನ ಮಾಡಿ ನೋಡಿ, 2015ರಲ್ಲಿ ಕೈಬಿಟ್ಟು, ವರ್ಷಕ್ಕೆ 25 ದಿನ ಅಂತ ಗೊತ್ತುಮಾಡಿತು. ಎಷ್ಟು ತಗೊಂಡ್ರೆ ಸರಿ ಅಂತ ಜನರಿಗೆ ತಿಳೀತಿರಲಿಲ್ಲ ಅನ್ನೋದೇ ಅವರು ಹೇಳಿದ ಕಾರಣ.

ನಮ್ಮ ಫೌಂಡರ್‌ಗೆ ನಾನು ಹೇಳಿರೋದೂ ಅಂಥದ್ದೇ: ಲಿಮಿಟ್ ಬೇಡ ಅಂದ್ರೆ ಬೇಡ, ಆದ್ರೆ ‘ಕನಿಷ್ಠ 23 ದಿನ, ಅದರಲ್ಲಿ ಒಂದು ಪೂರ್ತಿ ವಾರ ಲ್ಯಾಪ್‌ಟಾಪ್ ಇಲ್ಲದೆ’ ಅಂತ ಪಾಲಿಸಿಯಲ್ಲಿ ಬರೀರಿ, ಮೊದಲನೇ ವಾರ ನೀವೇ ತಗೋರಿ. “ನೋಡೋಣ” ಅಂದಿದ್ದಾರೆ. ಅಲ್ಲಿವರೆಗೆ ಟೀಮಿನ ಎಲ್ಲರಿಗೂ ಒಂದು ಶೀಟ್ ಮಾಡಿಕೊಟ್ಟಿದ್ದೀನಿ: ತಾರೀಖು, ಎಷ್ಟು ದಿನ, ಒಪ್ಪಿಗೆ ಎಲ್ಲಿ ಸಿಕ್ತು, ಆ ದಿನ ಕೆಲಸದ ಫೋನ್ ಬಂತೋ ಇಲ್ವೋ. ಕೊನೇ ಕಾಲಮ್ಮೇ ಎಲ್ಲಕ್ಕಿಂತ ಬೇಗ ತುಂಬ್ತಿದೆ.