ಅದು ‘ರಕ್ತ ಕಮ್ಮಿ’ ಅಲ್ಲ ಮಾರಾಯ್ರೆ

ಶಿರಸಿಯಲ್ಲಿ ಲ್ಯಾಬ್ ಇಟ್ಟುಕೊಂಡಿರುವ ನನಗೆ ಸಿಟ್ಟು ಬರಿಸುವ ಮಾತೊಂದಿದೆ: ‘ಸಿಕಲ್ ಸೆಲ್ ಅಂದ್ರೆ ರಕ್ತ ಕಮ್ಮಿ.’ ಅದು ಹೆತ್ತವರಿಂದ ಬರುವ, ಹಿಮೋಗ್ಲೋಬಿನ್ನಿನ ದೋಷದ ಕಾಯಿಲೆ.

ಕಳೆದ ಏಪ್ರಿಲ್‌ನಲ್ಲಿ ಯಲ್ಲಾಪುರ ಕಡೆಯಿಂದ 11 ವರ್ಷದ ಹುಡುಗನನ್ನು ಕರೆತಂದಿದ್ದರು. ಬಿಸಿಲಲ್ಲಿ ಇಡೀ ದಿನ ಕ್ರಿಕೆಟ್ ಆಡಿದ್ದ, ರಾತ್ರಿ ತೊಡೆಯ ಮೂಳೆ ಸಿಗಿದಂಥ ನೋವು. ಅದಕ್ಕೂ ಮೊದಲು ಎಲ್ಲೋ ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿಸಿದ್ದರಂತೆ.

ಒಂದು ಹನಿ ರಕ್ತಕ್ಕೆ ಆಮ್ಲಜನಕ ಕಸಿಯುವ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ, ಕವರ್‌ಸ್ಲಿಪ್ ಅಂಚಿಗೆ ವ್ಯಾಸಲಿನ್ ಬಳಿದು ಗಾಳಿ ತಡೆದೆ. ಮೊದಲು ನೋಡಿದಾಗ ದುಂಡಗಿದ್ದ ಕೆಂಪು ರಕ್ತಕಣಗಳು ಅರ್ಧ ಗಂಟೆಯಲ್ಲಿ ಕುಡುಗೋಲಿನ ಹಾಗೆ ಬಾಗಿ ತುದಿ ಚೂಪಾಗಿದ್ದವು. ಅಪ್ಪ–ಅಮ್ಮರಲ್ಲಿ ಒಬ್ಬರಿಂದ ಮಾತ್ರ ದೋಷ ಪಡೆದ ವಾಹಕರ ರಕ್ತಕಣಗಳೂ ಹೀಗೇ ಬಾಗುತ್ತವೆ, ಹಾಗಾಗಿ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ಕಳಿಸಿದೆ. ವಾಹಕರಲ್ಲಿ ದೋಷವಿರುವ ಎಸ್ ಹಿಮೋಗ್ಲೋಬಿನ್ ಶೇ. 40ರ ಆಸುಪಾಸು, ಉಳಿದದ್ದು ಬಹುಪಾಲು ಸರಿಯಿರುವ ಎ. ಈ ಹುಡುಗನಲ್ಲಿ ಎ ಇರಲೇ ಇಲ್ಲ.

ತಪ್ಪಿದ್ದು ಎಷ್ಟು ಗೊತ್ತೇ? ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ನೀರಿಗೆ ಒಗ್ಗುವ ಗ್ಲುಟಾಮಿಕ್ ಆಮ್ಲದ ಬದಲು ನೀರಿಗಾಗದ ವ್ಯಾಲಿನ್ ಕೂತಿದೆ, ಅಷ್ಟೇ. ಆಮ್ಲಜನಕ ಬಿಟ್ಟುಕೊಟ್ಟಾಗ ಹಿಮೋಗ್ಲೋಬಿನ್ನಿನ ಆಕಾರ ತುಸು ಬದಲಾಗಿ ಮೈಮೇಲೊಂದು ಕುಳಿ ತೆರೆಯುತ್ತದೆ. ಪಕ್ಕದ ಅಣುವಿನ ವ್ಯಾಲಿನ್ ಅದರಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ. ಒಂದಕ್ಕೊಂದು ಕೊಂಡಿ ಬಿದ್ದು, 14 ಎಳೆಗಳ ಹುರಿಯಾಗಿ, ಆ ಹುರಿಗಳೇ ಕಣವನ್ನು ಒಳಗಿಂದ ಸೆಟೆಸುತ್ತವೆ.

ಆದರೆ ಇದಕ್ಕೆ ಸ್ವಲ್ಪ ಹೊತ್ತು ಬೇಕು. ನಮ್ಮ ಜೋನಿ ಬೆಲ್ಲ ನೆನಪಿಸಿಕೊಳ್ಳಿ: ಡಬ್ಬಿಯಲ್ಲಿ ಎಷ್ಟೋ ದಿನ ಏನೂ ಆಗುವುದಿಲ್ಲ, ಒಂದು ಹರಳು ಹುಟ್ಟಿತೋ, ಮತ್ತೆ ತಡವಿಲ್ಲ. ಪಾಕ ಗಟ್ಟಿಯಾದಷ್ಟೂ ಬೇಗ. ಇಲ್ಲೂ ಹಾಗೆಯೇ, ಆದರೆ ಲೆಕ್ಕ ಭಯಂಕರ. ಕಾಯುವ ಹೊತ್ತು ಹಿಮೋಗ್ಲೋಬಿನ್ ಸಾಂದ್ರತೆಯ ಸುಮಾರು 30ನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಕಣದೊಳಗೆ ಡೆಸಿಲೀಟರಿಗೆ 33 ಗ್ರಾಂ ಇದ್ದದ್ದು 34 ಆದರೆ ಸಾಕು, ಆ ಹೊತ್ತು ಅರ್ಧಕ್ಕಿಂತ ಕಡಿಮೆ!

ಕಣ ಲೋಮನಾಳ ದಾಟಲು ಒಂದು ಸೆಕೆಂಡಿನ ಆಸುಪಾಸು ಸಾಕು. ಹುರಿ ಹುಟ್ಟುವ ಮೊದಲೇ ದಾಟಿ ಶ್ವಾಸಕೋಶ ಸೇರಿದರೆ ಆಮ್ಲಜನಕ ಸಿಕ್ಕಿ ಪಾರಾಯಿತು. ಹೆಚ್ಚಿನವು ಪಾರಾಗುತ್ತವೆ. ಮೈಯ ನೀರು ಆರಿ ಸಾಂದ್ರತೆ ಏರಿದರೆ ನಾಳದೊಳಗೇ ಸೆಟೆಯುತ್ತವೆ. ಅಂಟಿನ ಗುಣವೂ ಸೇರಿ, ಕಿರುನಾಳದ ಗೋಡೆಗೆ ಹತ್ತಿಕೊಂಡು ಹಿಂದಿನವುಗಳಿಗೂ ದಾರಿ ಕಟ್ಟುತ್ತವೆ. ಅದರಾಚೆಯ ಮೂಳೆಗೆ ಆಮ್ಲಜನಕವಿಲ್ಲ. ಆ ರಾತ್ರಿಯ ನೋವು ಅದೇ.

ರಕ್ತ ಕಮ್ಮಿಯೂ ಆಗುತ್ತದೆ ನಿಜ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ. ಕಬ್ಬಿಣ ಕೊಟ್ಟರೆ ವ್ಯಾಲಿನ್ ಜಾಗ ಬಿಡುತ್ತದೆಯೇ? ಕಬ್ಬಿಣದ ಕೊರತೆ ಪರೀಕ್ಷೆಯಲ್ಲಿ ಕಂಡರೆ ಕೊಡಲಿ, ಸುಮ್ಮನೆ ಯಾಕೆ?

ಈಗ ಡಾಕ್ಟರು ಹೈಡ್ರಾಕ್ಸಿಯೂರಿಯಾ ಶುರುಮಾಡಿದ್ದಾರೆ. ಅದು ಅಮ್ಮನ ಹೊಟ್ಟೆಯಲ್ಲಿದ್ದಾಗಿನ ಎಫ್ ಹಿಮೋಗ್ಲೋಬಿನ್ ಹೆಚ್ಚಿಸುತ್ತದೆ, ಎಫ್ ಆ ಹುರಿಗೆ ಸೇರಿಕೊಳ್ಳುವುದಿಲ್ಲ. ಬಿಳಿ ಕಣ ಇಳಿಯಬಹುದೆಂದು ಆಗಾಗ ರಕ್ತ ಪರೀಕ್ಷೆಗೆ ಬರುತ್ತಾರೆ. ಮೊನ್ನೆ ಅವನಮ್ಮ ಕೇಳಿದರು, “ಸಾರ್, ಆಟ ಬಿಡಿಸ್ಬೇಕಾ?” ಅದನ್ನು ಡಾಕ್ಟರ ಹತ್ತಿರವೇ ಕೇಳಿ ಎಂದೆ. ಹುಡುಗನ ಕೈಯಲ್ಲಿ ನೀರಿನ ಬಾಟಲಿ ಇತ್ತು, ಅರ್ಧ ಖಾಲಿ.